ಹಿಡಿಯುವುದೆಂಬ ಸೋಜಿಗ

ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರ ಜುಲೈನಲ್ಲಿ ತೆರೆದ ರೋಬೊಟಿಕ್ಸ್ ಗ್ಯಾಲರಿಯೊಂದಿದೆ. ಮಾತಾಡುವ, ಕುಣಿಯುವ, ತಿಂಡಿಯ ತಟ್ಟೆ ಹೊತ್ತು ತರುವ ರೋಬೊಗಳ ಸುತ್ತ ಶಾಲಾಮಕ್ಕಳ ಕಲರವ. ನನಗೂ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. ಆದರೂ ನಾನು ಗುಜರಾತಿಗೆ ಬಂದದ್ದು ಪ್ರದರ್ಶನಕ್ಕಿಟ್ಟ ರೋಬೊ ನೋಡುವುದಕ್ಕಲ್ಲ, ಪಾಳಿಯಲ್ಲಿ ದುಡಿಯುವ ರೋಬೊ ನೋಡುವುದಕ್ಕೆ. ಅದು ಎದುರಿಗಿದ್ದ ವಸ್ತುವನ್ನು ಹೇಗೆ ಕಾಣುತ್ತದೆ, ಹೇಗೆ ಹಿಡಿಯುತ್ತದೆ, ಮೊದಲು ಅದೇ ವಸ್ತುವನ್ನು ಹಿಡಿಯುತ್ತಿದ್ದ ಮನುಷ್ಯ ಈಗ ಏನು ಮಾಡುತ್ತಿದ್ದಾನೆ ಎಂಬುದು ನನ್ನ ಪ್ರಶ್ನೆ.

ನಗರದ ಹೊರಗೆ ಅಸ್ಲಾಲಿಯ ಕಡೆ ಗೋದಾಮುಗಳು ಸಾಲುಗಟ್ಟಿವೆ. ಹೆಚ್ಚಿನವುಗಳಲ್ಲಿ ಇಂದಿಗೂ ಕೈಗಾಡಿ, ಟ್ರಾಲಿ, ಹಮಾಲರ ಹೆಗಲು ಇವೇ ಯಂತ್ರ. ನಾನು ಹೊಕ್ಕ ಗೋದಾಮಿನಲ್ಲಿ ಮಾತ್ರ ಮೊಣಕಾಲೆತ್ತರದ ಚಪ್ಪಟೆ ರೋಬೊಗಳು ಓಡಾಡುತ್ತಿದ್ದವು. ನೆಲವನ್ನು ಚೌಕಾಬಾರದ ಮಣೆಯ ಹಾಗೆ ಮನೆಮನೆಯಾಗಿ ವಿಂಗಡಿಸಿ, ಒಂದೊಂದು ಮನೆಯ ನಡುವೆ ಕಪ್ಪು-ಬಿಳಿ ಚುಕ್ಕಿಗಳ ಸ್ಟಿಕ್ಕರ್ ಅಂಟಿಸಿದ್ದರು. ರೋಬೊದ ಹೊಟ್ಟೆಯಡಿಯ ಕ್ಯಾಮೆರಾ ಆ ಸ್ಟಿಕ್ಕರನ್ನು ಓದಿ ತಾನೆಲ್ಲಿದ್ದೇನೆ, ಯಾವ ಕಡೆ ಮುಖ ಮಾಡಿದ್ದೇನೆ ಎಂದು ತಿಳಿಯುತ್ತದೆ. ಒಂದು ಸ್ಟಿಕ್ಕರಿನಿಂದ ಇನ್ನೊಂದರವರೆಗೆ ಚಕ್ರ ಎಷ್ಟು ಸುತ್ತು ಉರುಳಿತು ಎಂಬ ಲೆಕ್ಕವೇ ಅದಕ್ಕೆ ದಾರಿದೀಪ. ಯಾರು ಯಾವ ಮನೆಗೆ ಕಾಲಿಡಬೇಕೆಂದು ನಿರ್ಧರಿಸುವುದು ರೋಬೊ ಅಲ್ಲ, ದೂರದ ಕಂಪ್ಯೂಟರು. ಅದು ಮುಂದಿನ ಕೆಲವು ಮನೆಗಳನ್ನು ಒಂದು ರೋಬೊಗೆಂದು ಕಾಯ್ದಿರಿಸಿದರೆ, ಅವು ಬಿಡುವಾಗುವ ತನಕ ಇನ್ನೊಂದಕ್ಕೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಅಷ್ಟೊಂದು ರೋಬೊಗಳು ಅಡ್ಡಾದಿಡ್ಡಿ ಓಡಿದಂತೆ ಕಂಡರೂ ಒಂದಕ್ಕೊಂದು ತಾಗುವುದಿಲ್ಲ. ಸ್ಟಿಕ್ಕರಿನ ಮೇಲೆ ಟೇಪಿನ ತುಂಡೊಂದು ಬಿದ್ದರೆ ಸಾಕು, ರೋಬೊ ನಿಂತಲ್ಲೇ ನಿಲ್ಲುತ್ತದೆ, ಅದರ ಹಿಂದಿನವೂ ನಿಲ್ಲುತ್ತವೆ. ಆಗ ಒಬ್ಬಾಕೆ ಕೆಂಪು ಜಾಕೆಟ್ ತೊಟ್ಟು ಒಳಗೆ ನಡೆಯುತ್ತಾಳೆ. ಅವಳು ಕಾಲಿಟ್ಟ ಭಾಗದಲ್ಲಿ ರೋಬೊಗಳೆಲ್ಲ ನಿಶ್ಚಲ.

ಈ ವಿಧಾನವನ್ನು ಜಗತ್ತಿಗೆ ತೋರಿಸಿದ್ದು ಅಮೆರಿಕದಲ್ಲಿ 2003ರಲ್ಲಿ ಶುರುವಾದ ಕಿವಾ ಕಂಪನಿ. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕಿವಾ ರೋಬೊ ಸಾಮಾನು ತುಂಬಿದ ಕಪಾಟನ್ನು ಎತ್ತುವ ಬಗೆಯೇ ಬೆರಗಿನದು. ಅದು ಕಪಾಟಿನಡಿ ನುಸುಳಿ, ತಾನಿದ್ದಲ್ಲೇ ಗಿರ್ರನೆ ತಿರುಗುತ್ತದೆ. ಆ ತಿರುಗಾಟಕ್ಕೆ ಒಳಗಿನ ದಪ್ಪ ಸ್ಕ್ರೂ ಮೇಲೇರುತ್ತದೆ, ಕಪಾಟು ತಿರುಗದೆ ನೆಟ್ಟಗೆ ನೆಲ ಬಿಡುತ್ತದೆ. ನಮ್ಮ ಬೆಂಗಳೂರಿನಲ್ಲೂ 2019ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಸೌಖ್ಯ ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ರೋಬೊಗಳನ್ನು ಇಳಿಸಿತ್ತು. ಅವು ಪಾರ್ಸೆಲ್ಲುಗಳನ್ನು ಪಿನ್‌ಕೋಡ್ ಪ್ರಕಾರ ವಿಂಗಡಿಸುತ್ತಿದ್ದವು. ಆ ಪಾರ್ಸೆಲ್ಲನ್ನು ರೋಬೊದ ಬೆನ್ನಿಗೆ ಇಡುವವರು ಮಾತ್ರ ಮನುಷ್ಯರೇ.

ಅಸ್ಲಾಲಿಯಲ್ಲೂ ನಾನು ಕಂಡದ್ದು ಇದನ್ನೇ. ಕಪಾಟು ಜನರ ಬಳಿಗೆ ನಡೆದು ಬರುತ್ತದೆ, ಅದರೊಳಗಿನ ಶಾಂಪೂ ಬಾಟಲಿಯನ್ನೋ ಮಕ್ಕಳ ಚಪ್ಪಲಿಯನ್ನೋ ಹೆಕ್ಕುವುದು ಹೆಂಗಸರ ಕೈ. ನಡಿಗೆಯನ್ನು ಯಂತ್ರ ವಹಿಸಿಕೊಂಡಿತು, ಹಿಡಿತವನ್ನು ವಹಿಸಿಕೊಳ್ಳಲಾಗಲಿಲ್ಲ. ಹಿಡಿಯುವುದರಲ್ಲಿ ಅಂಥ ಕಷ್ಟವೇನಿದೆ ಎಂಬ ಕುತೂಹಲ ಹೊತ್ತು, ಮಹೀ ನದಿ ದಾಟಿ ವಡೋದರಕ್ಕೆ ಬಂದೆ.

ಮಕರಪುರದ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಧಾರವಾಡದ ಎಂಜಿನಿಯರ್ ಒಬ್ಬರಿದ್ದಾರೆ. ಅವರು ತೋರಿಸಿದ ಯಂತ್ರದ ಮುಂದೆ ಕಬ್ಬಿಣದ ತೊಟ್ಟಿ. ಅದರಲ್ಲಿ ಕುಲುಮೆಯಿಂದ ಬಂದ ಉಕ್ಕಿನ ಬಳೆಗಳು ರಾಶಿ ಬಿದ್ದಿದ್ದವು, ಒಂದರ ಮೇಲೊಂದು, ಒಂದರೊಳಗೊಂದು. ಆರು ಕೀಲುಗಳ ರೋಬೊ ತೋಳು ಅದರೊಳಗಿಂದ ಒಂದೇ ಒಂದು ಬಳೆ ಎತ್ತಿ ಲೇತಿಗೆ ಕೊಡಬೇಕು.

ತೊಟ್ಟಿಯ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ ಪ್ರೊಜೆಕ್ಟರ್ ಮತ್ತು ಕ್ಯಾಮೆರಾ ಇವೆ. ಪ್ರೊಜೆಕ್ಟರ್ ರಾಶಿಯ ಮೇಲೆ ಬೆಳಕಿನ ಪಟ್ಟೆಗಳನ್ನು ಚೆಲ್ಲುತ್ತದೆ. ಸಮತಟ್ಟಾದ ಜಾಗದಲ್ಲಿ ನೆಟ್ಟಗಿರುವ ಪಟ್ಟೆ, ಉಬ್ಬುತಗ್ಗಿನ ಮೇಲೆ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ಆ ಬಿಂದು ಎಷ್ಟು ಆಳದಲ್ಲಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೀಗೆ ಲಕ್ಷಾಂತರ ಬಿಂದುಗಳು ಸೇರಿ ಪರದೆಯ ಮೇಲೆ ರಾಶಿಯ ಆಕಾರ ಮೂಡಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬಳೆಗಳ ಹೊಳಪಿದ್ದಲ್ಲಿ ಮಾತ್ರ ಆಕಾರ ಹರಿದು ತೂತು ಬಿದ್ದಿತ್ತು, ಏಕೆಂದರೆ ಅಲ್ಲಿ ಬೆಳಕು ಕ್ಯಾಮೆರಾಕ್ಕೆ ಮರಳದೆ ಇನ್ನೆಲ್ಲಿಗೋ ಚಿಮ್ಮಿರುತ್ತದೆ. ಆಮೇಲೆ ಕಂಪ್ಯೂಟರ್ ತನ್ನ ಬಳಿಯಿರುವ ಬಳೆಯ ನಕ್ಷೆಯನ್ನು ಈ ಆಕಾರದ ಮೇಲೆ ತಿರುಗಿಸಿ ತಿರುಗಿಸಿ ಹೊಂದಿಸುತ್ತದೆ. ಹೊಂದಿದಾಗ ಅದಕ್ಕೆ ಆರು ಸಂಖ್ಯೆಗಳು ಸಿಗುತ್ತವೆ: ಬಳೆ ಎಲ್ಲಿದೆ ಎನ್ನಲು ಮೂರು, ಎತ್ತ ವಾಲಿದೆ ಎನ್ನಲು ಮೂರು.

ಇನ್ನು ಯೋಜನೆ. ಬಳೆಯನ್ನು ಹೊರಗಿನಿಂದ ಅಮುಕಬೇಕೋ, ತೂತಿನೊಳಗೆ ಬೆರಳಿಳಿಸಿ ಅಗಲಿಸಬೇಕೋ? ಬೆರಳು ಪಕ್ಕದ ಬಳೆಗೆ ತಾಗುತ್ತದೆಯೇ? ಮಣಿಕಟ್ಟು ತೊಟ್ಟಿಯ ಗೋಡೆಗೆ ಬಡಿಯುತ್ತದೆಯೇ? ಒಂದೇ ಜಾಗವನ್ನು ಒಂದೇ ಕೋನದಲ್ಲಿ ಮುಟ್ಟಲು ಇಂಥ ತೋಳಿಗೆ ಸಾಮಾನ್ಯವಾಗಿ ಎಂಟು ಭಂಗಿಗಳವರೆಗೂ ಆಯ್ಕೆಯುಂಟು, ಮೊಣಕೈ ಮೇಲೆ ಮಾಡಿ ಇಲ್ಲವೇ ಕೆಳಗೆ ಮಾಡಿ ಎಂಬಂತೆ. ಅವನ್ನೆಲ್ಲ ಪರೀಕ್ಷಿಸಿ ಒಂದನ್ನು ಉಳಿಸಿಕೊಂಡು ತೋಳು ಹೊರಟಿತು. ವೇಗವಾಗಿ ಬಂದು, ಬಳೆಗೆ ಒಂದು ಗೇಣು ಮೇಲೆ ನಿಧಾನಿಸಿ, ನೆಟ್ಟಗೆ ಇಳಿದು, ಬೆರಳು ಮುಚ್ಚಿತು. ಎತ್ತಿದಾಗ ಬೆರಳುಗಳ ನಡುವೆ ಏನೂ ಇರಲಿಲ್ಲ.

ಏನೂ ಇಲ್ಲವೆಂಬುದು ತೋಳಿಗೂ ತಿಳಿಯಿತು. ಬಳೆಯ ದಪ್ಪಕ್ಕೆ ಬಂದು ನಿಲ್ಲಬೇಕಿದ್ದ ಬೆರಳುಗಳು ಪೂರ್ತಿ ಮುಚ್ಚಿಕೊಂಡಿದ್ದವಲ್ಲ, ಅದೇ ಅದರ ಸ್ಪರ್ಶಜ್ಞಾನ. ಮತ್ತೆ ಪಟ್ಟೆ ಚೆಲ್ಲಿ, ಇನ್ನೊಂದು ಬಳೆ ಆರಿಸಿತು. ಮತ್ತೆ ತಪ್ಪಿತು, ಈ ಸಲವೂ ಎಡಕ್ಕೆ.

"ನೋಡ್ರಿ ಸರ್, ಬ್ಯಾರೆ ಬ್ಯಾರೆ ಕಡೆ ತಪ್ಪಿದ್ರ ಅದು ಮಾಲಿನ ತಪ್ಪು. ಒಂದ ಕಡೆನ ತಪ್ಪಾಕತ್ತಿದ್ರ ಅದು ಕಣ್ಣಿನ ತಪ್ಪು," ಎಂದರು ಎಂಜಿನಿಯರ್. ಕ್ಯಾಮೆರಾದ ಚೌಕಟ್ಟಿಗೆ ಯಾರೋ ತೊಟ್ಟಿ ತಾಗಿಸಿದ್ದರು. ಒಂದೂವರೆ ಮೀಟರ್ ಎತ್ತರದ ಕ್ಯಾಮೆರಾ ಒಂದೇ ಒಂದು ಡಿಗ್ರಿ ವಾಲಿದರೆ ಕೆಳಗಿನ ಗುರಿ ಸುಮಾರು 26 ಮಿಲಿಮೀಟರ್ ಸರಿಯುತ್ತದೆ. ಕ್ಯಾಮೆರಾ ಕಂಡದ್ದು ನಿಜವೇ, ಆದರೆ ತೋಳಿನ ಲೆಕ್ಕದಲ್ಲಿ ಆ ಜಾಗ ಬೇರೆ. ಚೌಕಳಿ ಹಲಗೆಯೊಂದನ್ನು ತೋಳಿಗೆ ಹಿಡಿಸಿ, ಹಲವು ಭಂಗಿಗಳಲ್ಲಿ ಕ್ಯಾಮೆರಾಕ್ಕೆ ತೋರಿಸಿ, ಕಣ್ಣು-ಕೈಗಳ ಸಂಬಂಧವನ್ನು ಮತ್ತೆ ಕೂಡಿಸಬೇಕಾಯಿತು. ಅದನ್ನು ಮಾಡಿದವನು ಮೊದಲು ಇದೇ ಲೇತಿಗೆ ಕೈಯಿಂದ ಬಳೆ ಹಾಕುತ್ತಿದ್ದ ಐಟಿಐ ಹುಡುಗ. ಆಗ ಲೇತಿಗೊಬ್ಬರಂತೆ ಇದ್ದರು, ಈಗ ನಾಲ್ಕು ಲೇತುಗಳಿಗೆ ಅವನೊಬ್ಬ. ಉಳಿದವರ ಗುತ್ತಿಗೆ ಮುಗಿದಾಗ ನವೀಕರಣವಾಗಲಿಲ್ಲ.

ಭರೂಚಿನಲ್ಲಿ ನರ್ಮದೆ ದಾಟಿ ಸೂರತ್ತಿಗೆ ಇಳಿದಾಗಲೂ ಆ ಉಳಿದವರೇ ಮನಸ್ಸಿನಲ್ಲಿದ್ದರು. ಸೂರತ್ತಿನಲ್ಲಿ ಕಾಣುವ ಮತ್ತು ಯೋಜಿಸುವ ಕೆಲಸವನ್ನು ಯಂತ್ರ ಎಷ್ಟು ದೂರ ಒಯ್ದಿದೆ ಎಂಬುದಕ್ಕೆ ವಜ್ರವೇ ಸಾಕ್ಷಿ. ಒರಟು ವಜ್ರದ ಒಳಗಿನ ದೋಷ ನೋಡುವುದು ಸುಲಭವಲ್ಲ, ಬೆಳಕು ಅದರೊಳಗೆ ವಿಪರೀತ ಬಾಗುತ್ತದೆ. ಅದಕ್ಕೆ ಇಸ್ರೇಲಿನ ಸಾರಿನ್ ಕಂಪನಿಯ ಗ್ಯಾಲಕ್ಸಿ ಯಂತ್ರದಲ್ಲಿ, ಹೆಚ್ಚುಕಡಿಮೆ ವಜ್ರದಷ್ಟೇ ಬೆಳಕನ್ನು ಬಾಗಿಸುವ ವಿಶೇಷ ಪದಾರ್ಥದಲ್ಲಿ ಕಲ್ಲನ್ನು ಮುಳುಗಿಸಿ ಸುತ್ತಲೂ ನೋಡುತ್ತಾರೆ. ಆಗ ಕಲ್ಲಿನ ಮೇಲ್ಮೈ ಮಾಯವಾಗಿ ಒಳಗಿನ ದೋಷಗಳಷ್ಟೇ ತೇಲುತ್ತವೆ. ಅವನ್ನು ತಪ್ಪಿಸಿ ಯಾವ ಆಕಾರ ಕಡಿದರೆ ಬೆಲೆ ಹೆಚ್ಚು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ, ಲೇಸರ್ ಸೀಳುತ್ತದೆ. ಆದರೂ ಘಂಟಿಯೆಂದು ಕರೆಯುವ ಸಾಣೆಯ ಸುತ್ತ ರತ್ನ ಕಲಾಕಾರರು ಕೂತೇ ಇದ್ದಾರೆ. ಈಚಿನ ವರ್ಷಗಳಲ್ಲಿ ಅವರಲ್ಲಿ ಬಹಳ ಜನರ ಕೆಲಸ ಹೋದದ್ದು ಅಮೆರಿಕ, ಚೀನಾಗಳಲ್ಲಿ ಬೇಡಿಕೆ ಕುಸಿದು, ಪ್ರಯೋಗಾಲಯದ ವಜ್ರ ಬಂದು ಬೆಲೆ ಬಿದ್ದದ್ದರಿಂದ. ರೋಬೊ ಬಂದು ಅಲ್ಲ. ಕಾರಣ ತಪ್ಪಾಗಿ ಹೇಳಿದರೆ ಪರಿಹಾರವೂ ತಪ್ಪುತ್ತದೆ.

ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯಲ್ಲಿ ಸೀರೆ ಮಡಿಸುವವರ ಬಳಿ ಬಹಳ ಹೊತ್ತು ನಿಂತೆ. ಗೋದಾಮಿನ ತೋಳುಗಳು ಹೆಚ್ಚಾಗಿ ಬೆರಳಿಗಿಂತ ಹೀರುಬಟ್ಟಲನ್ನು ನಂಬುತ್ತವೆ. 40 ಮಿಲಿಮೀಟರ್ ಅಗಲದ ರಬ್ಬರ್ ಬಟ್ಟಲಿನಿಂದ ಗಾಳಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ಹೀರಿದರೆ ಏಳೂವರೆ ಕಿಲೋ ಭಾರದಷ್ಟು ಹಿಡಿತ ಸಿಗುತ್ತದೆ. ಎತ್ತುವಾಗಿನ ಜಗ್ಗಾಟಕ್ಕೆಂದು ಅದರ ಮೂರನೆಯ ಒಂದು ಪಾಲನ್ನಷ್ಟೇ ನೆಚ್ಚಬಹುದು. ರಟ್ಟಿನ ಪೆಟ್ಟಿಗೆಗೆ ಇದು ಸಾಕು. ಸೀರೆಯೋ, ನೇಯ್ಗೆಯ ಸಂದಿನಿಂದ ಗಾಳಿ ನುಗ್ಗಿ ಹಿಡಿತ ಸಡಿಲುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಕವರು ಸುಕ್ಕುಗಟ್ಟಿ ಬಟ್ಟಲಿನ ಅಂಚಿನಲ್ಲಿ ಗಾಳಿ ಸೋರುತ್ತದೆ. ಬಳೆಗಾದರೆ ಆರು ಸಂಖ್ಯೆ ಸಾಕಿತ್ತು. ಸೀರೆ ಮುಟ್ಟಿದ ಕ್ಷಣಕ್ಕೇ ಆಕಾರ ಬದಲಿಸುತ್ತದೆ, ಅದರ ನಕ್ಷೆಯೇ ಇಲ್ಲ. ನನ್ನೆದುರಿನ ಹುಡುಗಿ ಮಾತಾಡುತ್ತಲೇ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒದರಿ, ಮಡಿಕೆ ಕೂಡಿಸುತ್ತಿದ್ದಳು. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಆ ಒದರುವಿಕೆಗಾಗಿ ಇನ್ನೂ ತಿಣುಕುತ್ತಿವೆ ಎಂದು ನೆನೆದು ನನಗೆ ರೋಮಾಂಚನವಾಯಿತು.

ಆದರೆ ಹಿಡಿತ ನಮ್ಮಲ್ಲೇ ಉಳಿದಿದೆಯೆಂದು ಹಿಗ್ಗುವ ಹಾಗಿಲ್ಲ. ಕಪಾಟು ತಾನಾಗಿ ನಡೆದು ಬರುವಲ್ಲಿ ಹೆಕ್ಕುವ ಕೈಗೆ ಬಿಡುವಿಲ್ಲ. ಅಮೆರಿಕದ ಅಮೆಜಾನ್ ಗೋದಾಮುಗಳ ಬಗ್ಗೆ ಪತ್ರಕರ್ತರು 2020ರಲ್ಲಿ ನಡೆಸಿದ ತನಿಖೆ ಇದನ್ನೇ ಹೇಳಿತು. ಮೊದಲು ಗಂಟೆಗೆ ನೂರರಷ್ಟು ವಸ್ತು ಹೆಕ್ಕುತ್ತಿದ್ದವರಿಂದ ರೋಬೊ ಬಂದ ಮೇಲೆ ನಾನೂರರವರೆಗೆ ನಿರೀಕ್ಷಿಸಲಾಗುತ್ತಿತ್ತು, ರೋಬೊ ಇದ್ದ ಕಡೆಗಳಲ್ಲೇ ಗಾಯದ ಪ್ರಮಾಣ ಹೆಚ್ಚಿತ್ತು. ಕಾಲಿನ ದಣಿವು ಹೋಗಿ ಭುಜದ ನೋವು ಬಂತು.

ನಮ್ಮ ಕಾನೂನಿಗೆ ಈ ಪ್ರಶ್ನೆ ಹೊಸತಲ್ಲ. ಕೆಲಸಗಾರರನ್ನು ಕಡಿತಗೊಳಿಸಬಹುದಾದ ಯಂತ್ರ ಸುಧಾರಣೆಗೆ ಮಾಲೀಕರು 21 ದಿನ ಮೊದಲು ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಹೇಳಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಮಕರಪುರದಲ್ಲಿ ಗುತ್ತಿಗೆ ಮುಗಿದು ಹೋದವರನ್ನು ಇಂಥ ನೋಟಿಸ್ ಮುಟ್ಟುವುದು ಕಷ್ಟ. ಅವರನ್ನು ಯಾರೂ ತೆಗೆಯಲಿಲ್ಲ, ಮತ್ತೆ ಕರೆಯಲಿಲ್ಲ ಅಷ್ಟೆ. ಅವರಿಗೂ ಬಳೆ ಹೇಗೆ ಜಾರುತ್ತದೆ, ಯಾವ ರಾಶಿ ಕುಸಿಯುತ್ತದೆ ಎಂಬುದು ಬೆರಳಲ್ಲೇ ಗೊತ್ತಿತ್ತು. ತಪ್ಪಿದ ಹಿಡಿತವನ್ನು ನೋಡಿ ಕಾರಣ ಓದಬಲ್ಲವರು ಇಂಥವರೇ. ಆ ಓದನ್ನು ಕಲಿಸಲು 21 ದಿನ ಸಾಲದು, ತಿಂಗಳುಗಳು ಬೇಕು. ತೋಳಿಗೆ ಆರ್ಡರ್ ಕೊಟ್ಟು ಅದು ಬಂದು ಕೂರುವ ತನಕ ಹೇಗೂ ಕಾಲ ಹಿಡಿಯುತ್ತದೆ. ಆರ್ಡರ್ ಬರೆದ ದಿನವೇ, ಗುತ್ತಿಗೆಯವರನ್ನೂ ಸೇರಿಸಿ, ಆ ಲೇತುಗಳ ಮುಂದಿನ ಎಲ್ಲರಿಗೂ ಪಾಠ ಶುರುವಾಗಬೇಕು, ಮತ್ತು ಅದರ ಖರ್ಚನ್ನು ತೋಳಿನ ಬೆಲೆಯೊಳಗೇ ಬರೆಯಬೇಕು.