ಮೊದಲು ಗುರುತು, ಆಮೇಲೆ ಆಸಾಮಿ

ಕೋರ್ಟಿನ ವರಾಂಡದಲ್ಲಿ ಹಳೆಯ ವಕೀಲರ ಪಕ್ಕ ಸ್ವಲ್ಪ ಹೊತ್ತು ಕೂತರೆ ಸಾಕು, ಸಾಕ್ಷ್ಯಗಳಲ್ಲೂ ಮೇಲುಕೀಳು ಇದೆ ಎಂಬುದು ತಿಳಿಯುತ್ತದೆ. ಕೈಬರಹ ತಜ್ಞರ ವರದಿಯ ಮಾತು ಬಂದರೆ "ಅದೊಂದನ್ನೇ ನಂಬಿಕೊಂಡು ಕೂರೋಕಾಗಲ್ಲ ಸ್ವಾಮಿ, ಆ ಕಡೆಯವರೂ ಒಬ್ಬ ತಜ್ಞರನ್ನ ತರ್ತಾರೆ" ಅನ್ನುತ್ತಾರೆ. ಬೆರಳಚ್ಚಿನ ಮಾತು ಬಂದರೆ ದನಿಯೇ ಬೇರೆ. "ಬೆರಳಚ್ಚು ಸಿಕ್ಕಿದ ಮೇಲೆ ಇನ್ನೇನು ವಾದ ಮಾಡೋದು?"

ಈ ಮೇಲುಕೀಳಿಗೆ ಸುಪ್ರೀಂ ಕೋರ್ಟಿನ ಮುದ್ರೆಯೂ ಇದೆ. 1980ರ ಮುರಾರಿ ಲಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಕೈಬರಹ ತಜ್ಞರ ಪರವಾಗಿ ಒಂದು ನ್ಯಾಯವಾದ ಮಾತು ಹೇಳಿದರು. ತಜ್ಞನೇನೂ ಅಪರಾಧದಲ್ಲಿ ಪಾಲುದಾರನಲ್ಲ, ಅವನ ಮಾತಿಗೆ ಯಾವಾಗಲೂ ಬೇರೆ ಪುಷ್ಟಿ ಬೇಕೇ ಬೇಕು ಎಂಬ ನಿಯಮವಿಲ್ಲ, ಆದರೆ ಎಚ್ಚರ ಬೇಕು ಎಂದರು. ಎಚ್ಚರ ಏಕೆಂದು ವಿವರಿಸುವಾಗಲೇ ಬೆರಳಚ್ಚನ್ನು ಹೋಲಿಕೆಗೆ ತಂದರು. ಬೆರಳಚ್ಚಿನ ಶಾಸ್ತ್ರ ಬಹುಮಟ್ಟಿಗೆ ಪರಿಪೂರ್ಣವಾಗಿದೆ, ಅಲ್ಲಿ ತಪ್ಪು ಅಭಿಪ್ರಾಯದ ಅಪಾಯ ಇಲ್ಲವೆಂದೇ ಹೇಳಬಹುದು, ಕೈಬರಹದ ಶಾಸ್ತ್ರ ಅಷ್ಟು ಪಕ್ವವಾಗಿಲ್ಲ ಎಂಬುದು ಅವರ ಮಾತಿನ ಸಾರ. ಆ ತೀರ್ಪಿನ ಬಗ್ಗೆ ನನಗೆ ಗೌರವವಿದೆ. ಆದರೂ ಬೆರಳಚ್ಚಿನ ಬಗೆಗಿನ ಆ ಮಾತನ್ನು ಇವತ್ತಿಗೂ ಹಾಗೇ ಒಪ್ಪಿಸುತ್ತಾ ಹೋಗುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆ ಎಂಬುದಕ್ಕೆ ಸ್ಪೇನಿನ ಒಂದು ಪ್ಲಾಸ್ಟಿಕ್ ಚೀಲದ ಕಥೆ ಹೇಳಬೇಕು.

ಅದಕ್ಕೂ ಮೊದಲು ಒಂದು ವಿಷಯ. ಬೆರಳಚ್ಚು ಎಂದಾಗ ನಮ್ಮ ಕಣ್ಣಿಗೆ ಬರುವುದು ಠಾಣೆಯಲ್ಲಿ ಶಾಯಿ ಹಚ್ಚಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳು ಉರುಳಿಸಿ ತೆಗೆದ ಅಚ್ಚು. ಅದರಲ್ಲಿ ಗೆರೆಗಳೆಲ್ಲ ಸ್ಪಷ್ಟ. ಗೆರೆ ಎಲ್ಲಿ ನಿಂತಿದೆ, ಎಲ್ಲಿ ಕವಲೊಡೆದಿದೆ ಎಂದು ನೂರು ಜಾಗ ತೋರಿಸಬಹುದು. ಅಪರಾಧದ ಸ್ಥಳದಲ್ಲಿ ಸಿಗುವುದು ಇದಲ್ಲ. ಬೆವರು, ಜಿಡ್ಡು, ಧೂಳು ಸೇರಿ ಉಳಿದ ಒಂದು ತುಂಡು ಅಲ್ಲಿ ಸಿಗುತ್ತದೆ. ಶಾಯಿ ಆರಿದ ಅಂಚೆ ಮೊಹರನ್ನು ಗುಂಡಗಿನ ಪೊಟ್ಟಣದ ಮೇಲೆ ಒತ್ತಿದ ಹಾಗೆ, ಅರ್ಧ ಮೂಡಿ, ಅರ್ಧ ಜಾರಿರುತ್ತದೆ. ಇಬ್ಬರ ಬೆರಳ ಗೆರೆ ಒಂದೇ ಇರುವುದಿಲ್ಲ ಎಂಬುದು ನಿಜವೇ ಇರಲಿ. ತಜ್ಞನ ಮೇಜಿನ ಮೇಲಿರುವ ಪ್ರಶ್ನೆ ಅದಲ್ಲ. ಈ ಮಸುಕು ತುಂಡು ಎಷ್ಟು ಜನರ ಬೆರಳಿಗೆ ಹೊಂದಿದಂತೆ ಕಂಡೀತು ಎಂಬುದು ಅವನ ಮುಂದಿನ ಪ್ರಶ್ನೆ.

2004ರ ಮಾರ್ಚ್ 11ರಂದು ಮ್ಯಾಡ್ರಿಡ್ಡಿನ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಒಂದು ರೈಲು ನಿಲ್ದಾಣದ ಹತ್ತಿರ ನಿಂತಿದ್ದ ವ್ಯಾನಿನಲ್ಲಿ ಡಿಟೋನೇಟರುಗಳಿದ್ದ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರ ಮೇಲಿದ್ದ ಬೆರಳ ಗುರುತುಗಳ ಚಿತ್ರಗಳನ್ನು ಸ್ಪೇನಿನ ಪೊಲೀಸರು ಇಂಟರ್‌ಪೋಲ್ ಮೂಲಕ ಅಮೆರಿಕದ ಎಫ್‌ಬಿಐಗೂ ಕಳಿಸಿದರು. ಅವುಗಳಲ್ಲಿ 17ನೆಯ ಸಂಖ್ಯೆಯ ಗುರುತನ್ನು ಎಫ್‌ಬಿಐ ತನ್ನ ಕಂಪ್ಯೂಟರಿಗೆ ಹಾಕಿತು. ಆ ಕಂಪ್ಯೂಟರಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರ ಬೆರಳಚ್ಚುಗಳಿದ್ದವು. ಇಂಥ ಯಂತ್ರ "ಇವನೇ" ಎಂದು ಹೇಳುವುದಿಲ್ಲ, ಹೆಚ್ಚು ಹೋಲುವವರ ಪಟ್ಟಿ ಕೊಡುತ್ತದೆ. 20 ಜನರ ಪಟ್ಟಿ ಬಂತು. ನಾಲ್ಕನೆಯ ಹೆಸರು ಬ್ರಾಂಡನ್ ಮೇಫೀಲ್ಡ್, ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಬಳಿಯ ಒಬ್ಬ ವಕೀಲ. ಹಿಂದೆ ಸೈನ್ಯದಲ್ಲಿ ಇದ್ದುದರಿಂದ ಅವರ ಬೆರಳಚ್ಚು ಅಲ್ಲಿತ್ತು.

ಎಫ್‌ಬಿಐನ ಅನುಭವಿ ತಜ್ಞರೊಬ್ಬರು ಹೋಲಿಸಿ ಇದು ಅವರದೇ ಬೆರಳು ಎಂದರು. ಇನ್ನೊಬ್ಬರು ಪರಿಶೀಲಿಸಿ ಹೌದೆಂದರು, ವಿಭಾಗದ ಮುಖ್ಯಸ್ಥರೂ ಹೌದೆಂದರು. ಏಪ್ರಿಲ್ ಮಧ್ಯದಲ್ಲಿ ಸ್ಪೇನಿನವರು ನಮ್ಮ ಹೋಲಿಕೆಯಲ್ಲಿ ಇದು ಹೊಂದುತ್ತಿಲ್ಲ ಎಂದು ಬರೆದರು. ಎಫ್‌ಬಿಐ ತನ್ನ ಅಭಿಪ್ರಾಯ ನೂರಕ್ಕೆ ನೂರು ಎಂದೇ ಹಿಡಿದು, ಅವರನ್ನು ಒಪ್ಪಿಸಲು ಒಬ್ಬರನ್ನು ಮ್ಯಾಡ್ರಿಡ್ಡಿಗೆ ಕಳಿಸಿತು. ಮೇ 6ರಂದು ಮೇಫೀಲ್ಡ್ ಬಂಧನವಾಯಿತು. ವರ್ಷಗಳಿಂದ ಅವರು ದೇಶ ಬಿಟ್ಟು ಹೋಗಿರಲೇ ಇಲ್ಲ. ಅವರ ಕಡೆಯಿಂದ ನೋಡಲೆಂದು ಕೋರ್ಟು ನೇಮಿಸಿದ ಸ್ವತಂತ್ರ ತಜ್ಞರೂ ಮೇ 19ರಂದು ಎಫ್‌ಬಿಐ ಹೇಳಿದ್ದೇ ಸರಿ ಎಂದರು. ಅದೇ ದಿನ ಸ್ಪೇನಿನ ಪೊಲೀಸರು ಆ ಗುರುತು ಔನಾನ್ ದಾವೂದ್ ಎಂಬ ಆಲ್ಜೀರಿಯಾದವನದು ಎಂದು ತಿಳಿಸಿದರು. ಮರುದಿನ ಮೇಫೀಲ್ಡ್ ಹೊರಬಂದರು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಅಮೆರಿಕ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ನಾಲ್ಕು ಜನ ಪಳಗಿದ ತಜ್ಞರು ಒಂದೇ ತಪ್ಪು ಮಾಡಿದ್ದು ಹೇಗೆ? ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2006ರಲ್ಲಿ ಕೊಟ್ಟ ವರದಿ ಇದನ್ನು ಬಿಡಿಸಿ ಹೇಳುತ್ತದೆ. ಆ ಎರಡು ಬೆರಳುಗಳಲ್ಲಿ ಹತ್ತು ಜಾಗಗಳು ಅಪರೂಪದ ಮಟ್ಟಿಗೆ ಹೋಲುತ್ತಿದ್ದವು. ಇದು ಆಕಸ್ಮಿಕ ಅನ್ನಿಸಿದರೂ ಅಷ್ಟು ಆಕಸ್ಮಿಕವಲ್ಲ. ನಾಲ್ಕು ಕೋಟಿ ಜನರಲ್ಲಿ ಅತಿ ಹೆಚ್ಚು ಹೋಲುವವನನ್ನು ಹುಡುಕಿ ತಾ ಎಂದು ಯಂತ್ರಕ್ಕೆ ಹೇಳಿದರೆ, ಅದು ಮೋಸ ಹೋಗುವಷ್ಟು ಹೋಲುವವನನ್ನೇ ತರುತ್ತದೆ. ಸಂಗ್ರಹ ದೊಡ್ಡದಾದಷ್ಟೂ ಈ ಅಪಾಯ ದೊಡ್ಡದು. ನಮ್ಮಲ್ಲೂ ದೇಶದ ಬೆರಳಚ್ಚುಗಳನ್ನು ಒಂದೆಡೆ ಸೇರಿಸುವ ನಾಫಿಸ್ ಎಂಬ ವ್ಯವಸ್ಥೆ 2022ರಿಂದ ಇದೆ, ಹಾಗಾಗಿ ಇದು ದೂರದೇಶದ ಸಂಗತಿ ಅಂದುಕೊಳ್ಳಬೇಕಾಗಿಲ್ಲ.

ಇನ್ನು ಎರಡನೆಯ ಕಾರಣ. ನಿಯಮದ ಪ್ರಕಾರ ತಜ್ಞ ಮೊದಲು ಸ್ಥಳದ ಗುರುತನ್ನು ಮಾತ್ರ ನೋಡಿ, ಏನು ಕಾಣುತ್ತದೆ ಎಂದು ಗುರುತಿಸಬೇಕು. ಆಮೇಲೆ ಆಸಾಮಿಯ ಬೆರಳಚ್ಚಿನ ಜೊತೆ ಹೋಲಿಸಬೇಕು. ಇಲ್ಲಿ ದಾರಿ ಹಿಂದುಮುಂದಾಯಿತು. ಹತ್ತು ಜಾಗ ಹೋಲಿದ ಮೇಲೆ ಅವರು ಮೇಫೀಲ್ಡರ ಸ್ಪಷ್ಟ ಅಚ್ಚಿನಲ್ಲಿ ಇನ್ನೊಂದು ಕವಲು ನೋಡಿ, ಅದನ್ನು ಚೀಲದ ಮಸುಕು ಗುರುತಿನಲ್ಲಿ ಹುಡುಕಿದರು. ಹುಡುಕಿದವರಿಗೆ ಮಸುಕಿನಲ್ಲಿ ಸಿಗದಿರುವುದುಂಟೇ? ಹೀಗೆ ಹೊಂದುವ ಜಾಗಗಳು ಹೆಚ್ಚುತ್ತಾ ಹೋದವು. ಚೀಲದ ಗುರುತಿನ ಎಡ ಮೇಲ್ಭಾಗ ಮಾತ್ರ ಏನು ಮಾಡಿದರೂ ಹೊಂದಲಿಲ್ಲ. ಅದು ಬೇರೊಂದು ಸಲ ಮುಟ್ಟಿದ್ದರಿಂದ ಆದದ್ದು ಎಂದು ವಿವರಣೆ ಕೊಟ್ಟು ಪಕ್ಕಕ್ಕಿಟ್ಟರು. ಹೊಂದಿದ್ದೆಲ್ಲ ಸಾಕ್ಷಿಯಾಯಿತು, ಹೊಂದದ್ದಕ್ಕೆ ಕಾರಣ ಸಿಕ್ಕಿತು. ಮೇಫೀಲ್ಡ್ ಇಸ್ಲಾಂಗೆ ಮತಾಂತರಗೊಂಡವರು ಎಂಬುದು ಮೊದಲ ಹೋಲಿಕೆಯ ಹೊತ್ತಿಗೆ ತಜ್ಞರಿಗೆ ಗೊತ್ತಿರಲಿಲ್ಲ ಎಂದೇ ವರದಿ ಹೇಳುತ್ತದೆ. ಗೊತ್ತಾದ ಮೇಲೆ, ಸ್ಪೇನಿನವರ ಆಕ್ಷೇಪವನ್ನು ಹೊಸ ಕಣ್ಣಿನಿಂದ ನೋಡದೇ ಹೋದದ್ದಕ್ಕೆ ಅದೂ ಒಂದು ಕಾರಣವಾಗಿರಬಹುದು ಎನ್ನುತ್ತದೆ.

ಈ ಗುರುತು ನೋಡುವ ವಿದ್ಯೆ ವ್ಯವಸ್ಥಿತವಾಗಿ ಬೆಳೆದದ್ದು ನಮ್ಮ ನೆಲದಲ್ಲೇ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು. ಹೆನ್ರಿ ಎಂಬ ಆಂಗ್ಲ ಅಧಿಕಾರಿಯ ಹೆಸರಿನಲ್ಲಿ ಜಗತ್ತೆಲ್ಲ ಬಳಸಿದ ವಿಂಗಡಣೆಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಭಾರತೀಯ ಪೊಲೀಸರ ಬುದ್ಧಿ ಇತ್ತು. ಅದೇ ಆಸುಪಾಸಿನಲ್ಲಿ ಜಲ್ಪಾಯ್‌ಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು. ಅಲ್ಲಿದ್ದ ಒಂದು ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತಿತ್ತು. ಹಿಂದೆ ಕಳವಿಗೆ ಶಿಕ್ಷೆಯಾಗಿದ್ದ ಹಳೆಯ ಕೆಲಸದವನೊಬ್ಬನ ಬೆರಳಿಗೆ ಅದು ಹೊಂದಿತು. ಕೋರ್ಟು ಏನು ಮಾಡಿತು? ಕಳವಿಗೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಅವನ ಬೆರಳು ಅಲ್ಲಿತ್ತು ಎಂಬುದನ್ನು ಒಪ್ಪಿದರೂ, ಅಷ್ಟರಿಂದಲೇ ಕೊಂದವನು ಅವನೇ ಎಂದು ಹೇಳಲು ಒಪ್ಪಲಿಲ್ಲ. ಹೊಸ ವಿದ್ಯೆಯ ಎದುರು ಕೂತ ಆ ನ್ಯಾಯಪೀಠದ ಸಂಯಮ ನನಗೆ ತುಂಬಾ ಹಿಡಿಸುತ್ತದೆ.

ಮ್ಯಾಡ್ರಿಡ್ ಪ್ರಕರಣದ ನಂತರ ಇತಿಯೇಲ್ ಡ್ರೋರ್ ಎಂಬ ಮನೋವಿಜ್ಞಾನಿ ಒಂದು ಪರೀಕ್ಷೆ ಮಾಡಿದರು. ಐವರು ತಜ್ಞರಿಗೆ ಒಂದೊಂದು ಜೋಡಿ ಗುರುತು ಕೊಟ್ಟು, ಇದು ಎಫ್‌ಬಿಐ ತಪ್ಪು ಮಾಡಿದ ಆ ಪ್ರಸಿದ್ಧ ಜೋಡಿ, ನೋಡಿ ಹೇಳಿ ಎಂದರು. ನಿಜವಾಗಿ ಅವು ಆ ತಜ್ಞರೇ ವರ್ಷಗಳ ಹಿಂದೆ ಹೊಂದುತ್ತದೆ ಎಂದು ಬರೆದುಕೊಟ್ಟಿದ್ದ ಅವರದೇ ಕೇಸಿನ ಗುರುತುಗಳು. ಮೂವರು ಈಗ ಹೊಂದುವುದಿಲ್ಲ ಎಂದರು, ಒಬ್ಬರು ಹೇಳಲಾಗದು ಎಂದರು, ಒಬ್ಬರು ಮಾತ್ರ ಹಳೆಯ ಅಭಿಪ್ರಾಯದಲ್ಲೇ ನಿಂತರು. ಐವರೇ ಆದ್ದರಿಂದ ಇದರಿಂದ ಲೆಕ್ಕ ಕಟ್ಟಲಾಗದು, ಆದರೆ ಕಣ್ಣಿಗೆ ಮೊದಲೇ ಉತ್ತರ ಹೇಳಿದರೆ ಏನಾಗುತ್ತದೆ ಎಂಬುದು ಕಂಡಿತು.

ಲೆಕ್ಕ ಬೇಕೆಂದರೆ 2011ರಲ್ಲಿ ಪ್ರಕಟವಾದ, ಎಫ್‌ಬಿಐ ಸೇರಿ ಮಾಡಿದ ದೊಡ್ಡ ಪರೀಕ್ಷೆ ಇದೆ. 169 ತಜ್ಞರಿಗೆ ತಲಾ ಸುಮಾರು 100 ಜೋಡಿ ಕೊಟ್ಟರು. ಬೇರೆಯವರ ಗುರುತನ್ನು ಒಬ್ಬನದೇ ಎಂದ ತಪ್ಪು ಸಾವಿರಕ್ಕೆ ಒಂದರಷ್ಟು; ಒಬ್ಬನದೇ ಆದದ್ದನ್ನು ಅಲ್ಲ ಎಂದ ತಪ್ಪು ಶೇಕಡಾ 7.5. ಬೆರಳಚ್ಚು ಬಲವಾದ ಸಾಕ್ಷ್ಯ ಎಂಬುದಕ್ಕೆ ಇದೇ ಆಧಾರ, ಅದನ್ನು ಕಸದಂತೆ ಎಸೆಯಬೇಕೆನ್ನುವವರ ಜೊತೆ ನಾನಿಲ್ಲ. ಆದರೆ ಸಾವಿರಕ್ಕೆ ಒಂದು ಎಂದರೆ ಸೊನ್ನೆಯಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ: ಆ ಸುಳ್ಳು ಹೊಂದಿಕೆಗಳು ಒಟ್ಟು ಆರು, ಮತ್ತು ಒಬ್ಬರು ಮಾಡಿದ ಆ ತಪ್ಪನ್ನು ಅದೇ ಜೋಡಿಯ ಮೇಲೆ ಇನ್ನೊಬ್ಬರು ಮಾಡಲಿಲ್ಲ. ಎರಡನೆಯವರು ಮೊದಲಿನವರ ಉತ್ತರ ತಿಳಿಯದೆ ನೋಡಿದ್ದರೆ ಆರೂ ಸಿಕ್ಕಿಬೀಳುತ್ತಿದ್ದವು. ಮೇಫೀಲ್ಡರ ವಿಷಯದಲ್ಲಿ ಉಳಿದವರೆಲ್ಲ ಮೊದಲಿನವರ ಉತ್ತರ ತಿಳಿದೇ ನೋಡಿದ್ದರು.

ಉತ್ತರ ಮೊದಲೇ ಇಟ್ಟುಕೊಂಡು ನೋಡುವ ಈ ರೋಗ ಕೈಬರಹದಲ್ಲಿ ಇನ್ನೂ ಹಳೆಯದು. 1894ರಲ್ಲಿ ಫ್ರಾನ್ಸಿನ ಸೈನ್ಯಾಧಿಕಾರಿ ಡ್ರೇಫಸ್ ಮೇಲೆ ಬೇಹುಗಾರಿಕೆಯ ಆರೋಪ ಬಂದಾಗ ಬರ್ತಿಯೋಂ ಎಂಬ ಪ್ರಸಿದ್ಧ ಪೊಲೀಸ್ ಪರಿಣತ, ಆರೋಪಕ್ಕೆ ಆಧಾರವಾದ ಪತ್ರದ ಅಕ್ಷರ ಹೋಲಿದರೆ ಅದು ಅವನದೇ, ಹೋಲದಿದ್ದರೆ ಅವನೇ ಬೇಕೆಂದು ಬದಲಿಸಿ ಬರೆದದ್ದು ಎಂದು ವಾದಿಸಿದ. ಪತ್ರ ಎಸ್ತೆರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿಯದಾಗಿತ್ತು. ಡ್ರೇಫಸ್ ನಿರಪರಾಧಿ ಎಂದು ತೀರ್ಮಾನವಾಗಲು 1906ರವರೆಗೆ ಕಾಯಬೇಕಾಯಿತು.

ನಮ್ಮ ಊರಿನ ಸಿವಿಲ್ ಕೋರ್ಟುಗಳಲ್ಲಿ ಇದು ಬರುವುದು ಕ್ರಯದ ಕರಾರು, ವಿಲ್ಲು, ಚೆಕ್ಕುಗಳ ಸಹಿಯಾಗಿ. ಒಬ್ಬನ ಹತ್ತು ಸಹಿಗಳೂ ಒಂದೇ ತೆರನಾಗಿರುವುದಿಲ್ಲ, ಹಾಗಾಗಿ ತಜ್ಞನಿಗೆ ಬೇಕಾದ್ದು ಅದೇ ಕಾಲದ, ಜಗಳಕ್ಕೆ ಮುಂಚಿನ ಹಲವು ಸಹಿಗಳು. ಬ್ಯಾಂಕಿನ ಕಾರ್ಡು, ಹಳೆಯ ನೋಂದಾಯಿತ ಪತ್ರ ಒಳ್ಳೆಯವು. ಆದರೆ ಎಷ್ಟೋ ಸಲ ಕಳಿಸುವುದು ವಕಾಲತ್ತುನಾಮೆಯ ಸಹಿ, ಅಂದರೆ ಸಹಿ ನನ್ನದಲ್ಲ ಎಂದು ತೀರ್ಮಾನಿಸಿದ ಮೇಲೆ ಹಾಕಿದ್ದು. ಜೊತೆಗೆ ಯಾವ ಪಾರ್ಟಿ ಏನು ಹೇಳುತ್ತಿದೆ ಎಂಬುದೂ ತಜ್ಞನಿಗೆ ತಲುಪಿರುತ್ತದೆ. ಮೂಲದ ಬದಲು ಜೆರಾಕ್ಸ್ ಕೊಟ್ಟರಂತೂ ಪೆನ್ನು ಎಲ್ಲಿ ಎತ್ತಿತು, ಎಲ್ಲಿ ಅದುಮಿತು, ಗೆರೆ ಸರಾಗವಾಗಿ ಹರಿಯಿತೋ ನಡುಗುತ್ತಾ ಬಿಡಿಸಿದ್ದೋ ಎಂಬುದೇ ಅಳಿಸಿಹೋಗುತ್ತದೆ. ಖೋಟಾ ಸಹಿಯನ್ನು ಹೆಚ್ಚಾಗಿ ಹಿಡಿದುಕೊಡುವುದು ಆ ನಡುಕವೇ.

2018ರಿಂದ ಅಮೆರಿಕದ ನ್ಯಾಯ ಇಲಾಖೆ ತನ್ನ ಬೆರಳಚ್ಚು ತಜ್ಞರಿಗೆ ಕೆಲವು ಮಾತುಗಳನ್ನು ನಿಷೇಧಿಸಿದೆ: ಜಗತ್ತಿನ ಬೇರೆಲ್ಲರನ್ನೂ ಬಿಟ್ಟು ಇವನೇ ಎನ್ನುವಂತಿಲ್ಲ, ಈ ಪದ್ಧತಿಯಲ್ಲಿ ತಪ್ಪೇ ಇಲ್ಲ ಎನ್ನುವಂತಿಲ್ಲ. ನಮ್ಮಲ್ಲಿ 2024ರ ಜುಲೈಯಿಂದ ಸಾಕ್ಷ್ಯ ಅಧಿನಿಯಮ ಹೊಸದಾಗಿದೆ; ಹಳೆಯ 45ನೆಯ ಕಲಂ 39 ಆಗಿದೆ. ಆದರೆ ತಜ್ಞನ ಅಭಿಪ್ರಾಯದ ಬಗ್ಗೆ ಅದು ಹೇಳುವುದು ಹೆಚ್ಚುಕಡಿಮೆ ಮೊದಲಿನದೇ, ಅಂದರೆ ಕೆಲಸ ಪಾಟಿ ಸವಾಲಿಗೆ ಏಳುವ ವಕೀಲರ ಮೇಲೆಯೇ ಉಳಿದಿದೆ. ಪೆಟ್ಟಿಗೆಯಲ್ಲಿ ನಿಂತ ತಜ್ಞರನ್ನು ಎಷ್ಟು ವರ್ಷದ ಅನುಭವ ಎಂದು ಕೇಳಿ ಕೂತುಬಿಡುವವರೇ ಹೆಚ್ಚು. ಈ ಜಾಗಗಳನ್ನು ನೀವು ಗುರುತು ಹಾಕಿದ್ದು ಆಪಾದಿತನ ಬೆರಳಚ್ಚು ನೋಡುವ ಮೊದಲೋ ಆಮೇಲೋ, ಮೊದಲೇ ಆದರೆ ಆ ದಿನದ ಟಿಪ್ಪಣಿ ಎಲ್ಲಿದೆ, ಎರಡನೆಯ ಸಹಿ ಹಾಕಿದವರಿಗೆ ನಿಮ್ಮ ಉತ್ತರ ಗೊತ್ತಿತ್ತೇ, ಹೊಂದದೆ ಉಳಿದ ಭಾಗ ಯಾವುದು, ಅದನ್ನು ವರದಿಯಲ್ಲಿ ಯಾಕೆ ಬರೆದಿಲ್ಲ ಎಂದು ಒಬ್ಬರಾದರೂ ಎದ್ದು ಕೇಳಲಿ.