ನಾಲ್ಕು ಸಾಲಿನ ರಜಾ ಅರ್ಜಿ

"ಅಮ್ಮಾ, ಮಾರ್ಚ್ 22ಕ್ಕೆ ನಮ್ಮ ಗ್ರಾಜುಯೇಷನ್ ಡೇ. ಕಪ್ಪು ಗೌನು, ಟೋಪಿ ಎಲ್ಲಾ ಹಾಕ್ತಾರೆ. ನೀನು ಬರ್ತೀಯಾ ಅಲ್ವಾ?"

ಮಗಳು ಮೈಸೂರಿನಲ್ಲಿ ಅಜ್ಜಿ-ತಾತನ ಜೊತೆಗಿದ್ದು ಯುಕೆಜಿ ಮುಗಿಸುತ್ತಿದ್ದಳು. ನಾನು ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನಲ್ಲಿ, ಗಿಡಗಳ ಸಂಶೋಧನೆಯಲ್ಲಿ. ಬಂದೇ ಬರ್ತೀನಿ ಅಂದುಬಿಟ್ಟೆ.

ಮರುದಿನ ಕಾಫಿ ಸಮಯದಲ್ಲಿ ನಮ್ಮ ತಂಡದ ಮುಖ್ಯಸ್ಥೆಗೆ ವಿಷಯ ಹೇಳಿದೆ. "ಓಹ್, ಚೆನ್ನಾಗಿದೆ!" ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡದ್ದು ನನ್ನ ತಪ್ಪು. ಫೆಬ್ರವರಿ ಮೊದಲ ವಾರದ ಸಭೆಯಲ್ಲಿ ನೋಡಿದರೆ, ಅದೇ ವಾರಕ್ಕೆ ನನ್ನ ಗಿಡಗಳ ಅಳತೆ ನಿಗದಿಯಾಗಿದೆ!

ಆ ರಾತ್ರಿ ಅರ್ಜಿ ಬರೆಯಲು ಕೂತೆ. ಹೈಸ್ಕೂಲಿನಲ್ಲಿ ಕಲಿತ "ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಧಾಟಿ ಇಂಗ್ಲಿಷಿನಲ್ಲೂ ಬಿಡಲಿಲ್ಲ. ಒಂದು ಪುಟ ತುಂಬಾ ಕ್ಷಮೆ, ಮಗುವನ್ನು ಬಿಟ್ಟಿರುವ ಸಂಕಟ. ದಿನಾಂಕ ಮಾತ್ರ ಕೊನೆಯ ಸಾಲಿನಲ್ಲಿ.

ಇಲ್ಲೇ ಹತ್ತು ವರ್ಷದಿಂದಿರುವ ಗೆಳತಿ ಓದಿ ನಕ್ಕಳು. "ನೀನು ಭಿಕ್ಷೆ ಕೇಳ್ತಿಲ್ಲ ಕಣೇ. ವಾರಕ್ಕೆ ಐದು ದಿನ ದುಡಿಯೋರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕಾನೂನಲ್ಲೇ ಇದೆ. ಆದರೆ ಬರೆದು ಕೇಳಬೇಕು." ಇಲ್ಲಿಯ ನಿಯಮದಂತೆ, ಬರಹದಲ್ಲಿ ರಜೆ ಕೇಳಿದ ಎರಡು ವಾರದೊಳಗೆ ಮಾಲೀಕರು ಬಲವಾದ ಕಾರಣವನ್ನು ಬರಹದಲ್ಲೇ ಕೊಟ್ಟು ಬೇಡ ಅನ್ನದಿದ್ದರೆ, ರಜೆ ನಾವು ಕೇಳಿದಂತೆಯೇ ನಿಗದಿಯಾಗುತ್ತದೆ. ಕಾಫಿ ಹರಟೆಯಿಂದ ಈ ಎರಡು ವಾರದ ಲೆಕ್ಕ ಶುರುವಾಗುವುದಿಲ್ಲ. ತುರ್ತು ರಜೆ ಕೇಳಬಹುದಾ ಅಂದೆ. ಅದು ಮಗುವಿಗೆ ದಿಢೀರ್ ಜ್ವರ ಬಂದಾಗ, ಮನೆಯಲ್ಲಿ ನೀರಿನ ಪೈಪ್ ಒಡೆದಾಗ. ಎರಡು ತಿಂಗಳು ಮೊದಲೇ ಗೊತ್ತಿರುವ ಸಮಾರಂಭಕ್ಕಲ್ಲ.

ಕೊನೆಗೆ ಕಳಿಸಿದ್ದು ಇಷ್ಟೇ:

"ನನ್ನ ಆರು ವರ್ಷದ ಮಗಳ ಶಾಲೆಯ ಗ್ರಾಜುಯೇಷನ್ ಸಮಾರಂಭ ಮಾರ್ಚ್ 22, ಶನಿವಾರ, ಭಾರತದಲ್ಲಿದೆ. ಅದಕ್ಕಾಗಿ ಮಾರ್ಚ್ 20ರಿಂದ 28ರವರೆಗೆ, ಅಂದರೆ ಏಳು ಕೆಲಸದ ದಿನ, ವಾರ್ಷಿಕ ರಜೆ ಬೇಕು. ಆ ವಾರದ ಅಳತೆಗಳನ್ನು ಸಹೋದ್ಯೋಗಿ ಮಾಡಲು ಒಪ್ಪಿದ್ದಾರೆ, ವಿಧಾನವನ್ನು ಅವರಿಗೆ ಬರೆದುಕೊಟ್ಟಿದ್ದೇನೆ. 31ರ ಸೋಮವಾರ ಕೆಲಸಕ್ಕೆ ಬರುತ್ತೇನೆ."

ನಿಜವಾಗಿ ಕೆಲಸ ಮಾಡಿದ್ದು ಮೂರನೆಯ ಸಾಲು ಅಂತ ನನ್ನ ನಂಬಿಕೆ. ಅದನ್ನು ಬರೆಯುವ ಮೊದಲು ಆ ಸಹೋದ್ಯೋಗಿಯನ್ನು ಕೇಳಿ ಒಪ್ಪಿಸಿದ್ದೆ.

ಮುಖ್ಯಸ್ಥೆ ಒಂದೇ ಪ್ರಶ್ನೆ ಕೇಳಿದರು: "ಆರು ವರ್ಷಕ್ಕೆ ಪದವಿಯೇ?" ಇಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ತರಗತಿ, ಗ್ರೂಪ್ 8 ಮುಗಿಸುವ ಮಕ್ಕಳು ಹಾಡು-ನಾಟಕ ಮಾಡಿ ಬೀಳ್ಕೊಳ್ಳುತ್ತಾರಲ್ಲ, ಅದರ ಹಾಗೆ, ಆದರೆ ಪುಟ್ಟ ಗೌನಿನಲ್ಲಿ ಅಂದೆ. ತಕ್ಷಣ ಅರ್ಥವಾಯಿತು. ಮಗನ ಗ್ರೂಪ್ 8 ನಾಟಕದಲ್ಲಿ ತಾನು ಅತ್ತಿದ್ದನ್ನು ಹೇಳಿದರು. ಸಂಜೆ ಒಪ್ಪಿಗೆಯ ಮೇಲ್ ಬಂತು.

ಆ ಭಾನುವಾರ ವಿಡಿಯೋ ಕಾಲ್‌ನಲ್ಲಿ ರಜೆ ಸಿಕ್ಕಿತು ಅಂದೆ.

"ಲೀವ್ ಲೆಟರ್ ಕೊಟ್ಯಾ? ತಾತ ಸೈನ್ ಮಾಡಿದ್ರಾ?" ಅಂತ ಕೇಳಿದಳು ಮಗಳು.