‘ಓ ಮಾನವಾ’ ಅಂದ್ರ ನಾನಾ?

ಮೂರು ವರ್ಷದ ಹಿಂದೆ ಜೂನ್ 5ರಂದು ಆಳಂದದಲ್ಲಿ ಒಂದು ಕವಿಗೋಷ್ಠಿ ಇತ್ತು. ಪರಿಸರ ದಿನ ಅಂದಮೇಲೆ ವಿಷಯ ಬೇರೆ ಹೇಳಬೇಕಿಲ್ಲ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು, ಆ ವಾರ ವರ್ಕ್ ಫ್ರಮ್ ಹೋಮ್ ಹಾಕಿ ಊರಿಗೆ ಬಂದಿದ್ದೆ. ಗೆಳೆಯರು ‘ನೀನೂ ಬರೀತಿಯಲ್ಲ, ಓದು ಬಾ’ ಅಂದರು. ಓದಿದೆ. ನನ್ನ ಕವಿತೆ ‘ಓ ಮಾನವಾ, ನಿನಗೇಕೆ ಈ ದುರಾಸೆ’ ಅಂತ ಶುರುವಾಗಿ, ‘ವೃಕ್ಷಮಾತೆಯ ಶಾಪ ತಟ್ಟದಿರದು’ ಅಂತ ಮುಗಿಯುತ್ತಿತ್ತು. ನಡುವೆ ಕೊಡಲಿ, ಕಣ್ಣೀರು, ಹಕ್ಕಿಗೂಡು ಎಲ್ಲ ಇದ್ದವು. ಚಪ್ಪಾಳೆಯೂ ಬಿತ್ತು. ನನಗಿಂತ ಮುಂಚೆ ಓದಿದವರಿಗೂ ಬಿದ್ದಿತ್ತು. ಅವರಲ್ಲಿ ಮೂವರ ಕವಿತೆಯಲ್ಲೂ ಇದೇ ಮಾನವ ಬಂದು ಬೈಸಿಕೊಂಡು ಹೋಗಿದ್ದ.

ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದ. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಬಹಳ ಹೊತ್ತು ಸುಮ್ಮನಿದ್ದ. ಊರು ಹತ್ತಿರ ಬಂದಾಗ ಕೇಳಿದ:

‘ಚಂದ ಓದಿದಿ. ಖರೆ, ಆ ಗಿಡ ಯಾವ್ದು?’

‘ಯಾವ್ದೂ ಅಲ್ಲಪ್ಪ. ಹಂಗೇ, ಒಂದು ಮರ.’

‘ಹಂಗಂದ್ರ ಮಾನವ ಅಂದಿಯಲ್ಲ, ಅವ ಯಾರು? ನಾನಾ?’

ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಗಿಡ ಕಡಿದದ್ದು ಅಪ್ಪನೇ. ಹೊಲದ ಬದುವಿನಲ್ಲಿದ್ದ ಬೇವಿನ ಗಿಡ, ಮುತ್ಯಾ ಹಚ್ಚಿದ್ದು. 2015ರಲ್ಲಿ ಮಳೆ ಕೈಕೊಟ್ಟಿತ್ತು, ತೊಗರಿ ಮೊಣಕಾಲುದ್ದ ಬೆಳೆದು ನಿಂತುಬಿಟ್ಟಿತ್ತು. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಫೀಸಿನ ಬಾಕಿ ಕಟ್ಟದೆ ಪರೀಕ್ಷೆಗೆ ಕೂಡುವಂತಿರಲಿಲ್ಲ. ಗಿಡ ಹೋದದ್ದು ಆ ಬಾಕಿಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ದುರಾಸೆ ಅಂತ ಬರೆದಿದ್ದೆ. ಬರೆಯುವಾಗ ಆ ಗಿಡ ನೆನಪಿಗೇ ಬಂದಿರಲಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ನಾಚಿಕೆ.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಫೋನಿನಲ್ಲಿ ಒಂದು ಹಳೆಯ ಕವಿತೆ ಹುಡುಕಿ ಓದಿದೆ. ಗೀವ್ ಪಟೇಲರ ‘ಆನ್ ಕಿಲ್ಲಿಂಗ್ ಎ ಟ್ರೀ’. ಸಿಬಿಎಸ್‌ಇ ಓದಿದವರಿಗೆ ಒಂಬತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಓದಿದ ನೆನಪಿರಬಹುದು. ಪಟೇಲರು ಮುಂಬೈಯಲ್ಲಿ ಡಾಕ್ಟರಾಗಿದ್ದವರು, ಚಿತ್ರಕಾರರೂ ಹೌದು, 2023ರಲ್ಲಿ ತೀರಿಕೊಂಡರು. ಆ ಕವಿತೆಯಲ್ಲಿ ‘ಮರ ಕಡಿಯಬೇಡಿ’ ಅನ್ನುವ ಮಾತೇ ಇಲ್ಲ. ಅದರ ಬದಲು ಮರವನ್ನು ಕೊಲ್ಲುವುದು ಹೇಗೆ ಅಂತ ಹಂತ ಹಂತವಾಗಿ ಹೇಳಿಕೊಡುತ್ತದೆ. ಬರೀ ಕಡಿದರೆ ಸಾಲದು, ಗಾಯ ಮಾಯುತ್ತದೆ, ಮತ್ತೆ ಚಿಗುರುತ್ತದೆ. ಬೇರನ್ನೇ ಮಣ್ಣಿನಿಂದ ಎಳೆದು ತೆಗೆಯಬೇಕು. ಆಮೇಲೆ ಬಿಸಿಲು ಗಾಳಿಗೆ ಒಡ್ಡಿ ಒಣಗಿಸಬೇಕು. ಆಗ ಕೆಲಸ ಮುಗಿಯಿತು. ನಾವು ಆಫೀಸಿನಲ್ಲಿ ಬರೆಯುವ ಡಾಕ್ಯುಮೆಂಟ್ ಇದ್ದ ಹಾಗೆ, ಸ್ಟೆಪ್ ಒಂದು, ಸ್ಟೆಪ್ ಎರಡು.

ಶಾಲೆಯಲ್ಲಿ ಇದನ್ನು ವ್ಯಂಗ್ಯ ಅಂತ ಹೇಳಿ ಮುಗಿಸುತ್ತಾರೆ. ಆದರೆ ಆ ರಾತ್ರಿ ನನಗೆ ಬೇರೆ ಒಂದು ಕಂಡಿತು. ಕೊಲ್ಲುವ ಕೆಲಸವನ್ನು ಸರಿಯಾಗಿ ವಿವರಿಸಬೇಕಾದರೆ ಮರವನ್ನು ಸರಿಯಾಗಿ ನೋಡಿರಬೇಕು. ಬೇರು ಎಲ್ಲಿ ಹಿಡಿದಿದೆ, ಯಾವುದು ಮತ್ತೆ ಚಿಗುರುತ್ತದೆ, ಒಣಗುವಾಗ ಏನಾಗುತ್ತದೆ ಅಂತ ಗೊತ್ತಿರಬೇಕು. ಕವಿತೆ ಎಷ್ಟು ತಣ್ಣಗೆ ಹೇಳುತ್ತದೋ, ಓದುವವರ ಹೊಟ್ಟೆಯಲ್ಲಿ ಅಷ್ಟೇ ಸಂಕಟ ಆಗುತ್ತದೆ. ಆ ಸಂಕಟವನ್ನು ಕವಿ ತಾನೇ ಪಟ್ಟು ಮುಗಿಸಿಲ್ಲ, ನಮಗೆ ಬಿಟ್ಟಿದ್ದಾನೆ. ನನ್ನ ಕವಿತೆಯಲ್ಲಿ ಅಳುವ ಕೆಲಸವನ್ನೂ ನಾನೇ ಮಾಡಿದ್ದೆ, ಬೈಯುವ ಕೆಲಸವನ್ನೂ ನಾನೇ ಮಾಡಿದ್ದೆ. ಕೇಳುವವರಿಗೆ ಉಳಿದದ್ದು ಚಪ್ಪಾಳೆ ಒಂದೇ.

ಮರುದಿನ ಬೆಳಿಗ್ಗೆ ಅಪ್ಪನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಗಿಡ ಕಡಿದದ್ದು ಹೆಂಗ ಅಂತ ಕೇಳಿದೆ. ಅಪ್ಪ ಮೊದಲು ನಕ್ಕ. ಆಮೇಲೆ ಹೇಳುತ್ತಾ ಹೋದ. ಮೊದಲು ಟೊಂಗೆ ಇಳಿಸಿದರು. ತುದಿಗೆ ಹಗ್ಗ ಕಟ್ಟಿ, ಬುಡದ ಸುತ್ತ ಎರಿ ಮಣ್ಣು ತೋಡಿ ಬೇರು ಕಡಿದರು. ಎರಡು ದಿನ ಹಿಡಿಯಿತು. ಎರಡು ಟ್ರಾಲಿ ಆಯಿತು, ಒಂದರಲ್ಲಿ ಕಾಂಡ, ಇನ್ನೊಂದರಲ್ಲಿ ಟೊಂಗೆ. ಎಲೆಯನ್ನು ಊರಿನ ಆಡುಗಳು ಬಂದು ತಿಂದವು. ವ್ಯಾಪಾರಿ ರೊಕ್ಕ ಎಣಿಸಿ ಕೊಟ್ಟ, ಅಪ್ಪ ಮತ್ತೊಮ್ಮೆ ಎಣಿಸಿ ಧೋತರದ ಚುಂಗಿಗೆ ಕಟ್ಟಿಕೊಂಡ. ಆಮೇಲೆ ಬುತ್ತಿ ಉಣ್ಣಲು ನೆರಳು ಹುಡುಕಿದ. ನೆರಳು ಇರಲಿಲ್ಲ. ‘ಟ್ರಾಲಿ ನೆಳ್ಳಿಗೆ ಕುಂತು ಉಂಡೆ’ ಅಂದ.

ನಾನು ಅಲ್ಲೇ ಫೋನಿನಲ್ಲಿ ನೋಟ್ಸ್ ಮಾಡಿಕೊಂಡೆ. ಟ್ರಾಲಿಯ ನೆರಳು! ಇಂಥದ್ದನ್ನು ನಾನು ಬೆಂಗಳೂರಿನಲ್ಲಿ ಕೂತು ಹತ್ತು ವರ್ಷ ಯೋಚಿಸಿದರೂ ಬರೆಯಲು ಆಗುತ್ತಿರಲಿಲ್ಲ.

ತಿದ್ದುವಾಗ ಮೊದಲು ಬದಲಾದದ್ದು ಒಂದೇ ಶಬ್ದ. ನಮ್ಮ ಕಡೆ ಎಷ್ಟು ದೊಡ್ಡದಿದ್ದರೂ ಅದು ಗಿಡವೇ: ಬೇವಿನ ಗಿಡ, ಹುಣಸಿ ಗಿಡ. ನಾನು ವೃಕ್ಷ ಅಂತ ಬರೆದಿದ್ದೆ. ವೃಕ್ಷ ಅಂದ ಕೂಡಲೇ ಕೈ ತಾನಾಗಿ ಮಾತೆ ಅಂತ ಸೇರಿಸುತ್ತದೆ, ಮಾತೆ ಬಂದರೆ ಕಣ್ಣೀರು ಬರುತ್ತದೆ, ಕಣ್ಣೀರು ಬಂದರೆ ಶಾಪ. ಗಿಡ ಅಂತ ಬರೆದರೆ ಆ ದಾರಿ ಬಂದಾಗುತ್ತದೆ. ಯಾವ ಗಿಡ, ಎಲ್ಲಿತ್ತು, ಯಾರದು ಅಂತ ಹೇಳಲೇಬೇಕಾಗುತ್ತದೆ.

ಎರಡನೆಯದಾಗಿ ‘ಮಾನವ’ನನ್ನು ತೆಗೆದೆ. ಅವನು ಬಹಳ ಅನುಕೂಲದ ಮನುಷ್ಯ. ಎಲ್ಲರೂ ಅವನೇ, ಹಾಗಾಗಿ ಯಾರೂ ಅಲ್ಲ. ಕವಿ ಅವನಿಗೆ ಬೈಯುವಾಗ ತಾನು ಹೊರಗೆ ನಿಂತಿರುತ್ತಾನೆ, ಕೇಳುವವರೂ ಹೊರಗೆ ನಿಂತಿರುತ್ತಾರೆ. ಬೈಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಶರಣರು ವಚನಗಳಲ್ಲಿ ಕಟುವಾಗಿಯೇ ಮಾತಾಡಿದ್ದಾರೆ. ಆದರೆ ಬಸವಣ್ಣನವರ ಎಷ್ಟೋ ವಚನಗಳಲ್ಲಿ ಬೈಗುಳ ಬೀಳುವುದು ತಮ್ಮದೇ ಮನಸ್ಸಿಗೆ. ಕಟಕಟೆಯಲ್ಲಿ ತಾನೂ ನಿಂತವನ ಮಾತನ್ನು ನಾವು ಉಪದೇಶ ಅನ್ನುವುದಿಲ್ಲ.

ಮೂರನೆಯದು ಕೊನೆಯ ಸಾಲು. ಕವಿತೆಯಲ್ಲಿ ಉಪದೇಶ ಸಾಮಾನ್ಯವಾಗಿ ನುಗ್ಗುವುದು ಅಲ್ಲೇ. ಇಷ್ಟೆಲ್ಲ ಹೇಳಿದ ಮೇಲೂ ಓದುವವನಿಗೆ ಅರ್ಥವಾಯಿತೋ ಇಲ್ಲವೋ ಅಂತ ಭಯವಾಗಿ, ‘ಎಚ್ಚೆತ್ತುಕೊಳ್ಳೋಣ’ ಅಂತ ಒಂದು ಸಾಲು ಅಂಟಿಸುತ್ತೇವೆ. ಈಗ ನಾನು ಒಂದು ಚಿಕ್ಕ ಟೆಸ್ಟ್ ಮಾಡುತ್ತೇನೆ: ಕೊನೆಯ ಎರಡು ಸಾಲಿನ ಮೇಲೆ ಹೆಬ್ಬೆರಳಿಟ್ಟು ಓದುತ್ತೇನೆ. ಆಗಲೂ ಕವಿತೆ ನಿಂತರೆ ಆ ಸಾಲು ಬೇಡ. ನಿಲ್ಲದಿದ್ದರೆ ಮೇಲಿನ ಸಾಲುಗಳು ಕೆಲಸ ಮಾಡಿಲ್ಲ, ತಿದ್ದಬೇಕಾದದ್ದು ಅವನ್ನು.

ಗಿಡದ ಕವಿತೆ ಇನ್ನೂ ಮುಗಿದಿರಲಿಲ್ಲ, ಆಗಲೇ ನದಿಯ ಕವಿತೆ ತಲೆಗೆ ಹೊಕ್ಕಿತು. ನಮ್ಮ ಆಳಂದದ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಲ್ಲಿಂದ ಭೀಮೆ ಜೇವರ್ಗಿ ಕಡೆ ಹೋಗುತ್ತದೆ. ಜೇವರ್ಗಿ ತಾಲೂಕಿನ ನದಿದಂಡೆಯ ಒಂದು ಊರಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಬಂದಾಗ ಅವರೆಲ್ಲ ಕಾಳಜಿ ಕೇಂದ್ರದಲ್ಲಿದ್ದರು. ಆಗ ಟಿವಿಯವರು ಬಂದಿದ್ದರು, ವಾಟ್ಸಾಪ್ ತುಂಬ ಕವಿತೆಗಳೂ ಬಂದಿದ್ದವು. ಬೇಸಿಗೆಯಲ್ಲಿ ಅದೇ ನದಿ ಮರಳಾಗಿ ಮಲಗಿದಾಗ ಯಾರೂ ಬರುವುದಿಲ್ಲ.

ಇದನ್ನೇ ಎ. ಕೆ. ರಾಮಾನುಜನ್ 1966ರಲ್ಲಿ ಬಂದ ತಮ್ಮ ‘ದಿ ಸ್ಟ್ರೈಡರ್ಸ್’ ಸಂಕಲನದ ‘ಎ ರಿವರ್’ ಕವಿತೆಯಲ್ಲಿ ಹೇಳಿದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೂ ಕವಿತೆ ಬರೆದವರು ಅವರು. ಈ ಕವಿತೆ ಮದುರೆಯ ನದಿಯದು. ಬೇಸಿಗೆಯಲ್ಲಿ ನದಿ ಒಣಗಿ ಮರಳಿನ ಪಕ್ಕೆಲುಬು ಕಾಣುತ್ತದೆ, ಆದರೆ ಕವಿಗಳು ಹಾಡಿದ್ದು ಪ್ರವಾಹವನ್ನು ಮಾತ್ರ. ಪ್ರವಾಹ ಹೊತ್ತೊಯ್ದದ್ದರಲ್ಲಿ ಒಬ್ಬ ಬಸುರಿ ಇದ್ದಳು, ಅವಳ ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದವು. ಎರಡು ಆಕಳಿದ್ದವು. ರಾಮಾನುಜನ್ ಆಕಳ ಹೆಸರು ಹೇಳುತ್ತಾರೆ, ಒಂದು ಗೋಪಿ, ಇನ್ನೊಂದು ಬೃಂದಾ. ಅಷ್ಟೇ. ಹೆಸರು ಕೇಳಿದ ಮೇಲೆ ಆ ಆಕಳನ್ನು ಮರೆಯಲು ಆಗುವುದಿಲ್ಲ. ಅವರು ಅಲ್ಲಿ ಟೀಕೆ ಮಾಡುವುದು ನದಿ ಕೆಡಿಸಿದವರನ್ನಲ್ಲ, ನದಿಯ ಬಗ್ಗೆ ಬರೆಯುವವರನ್ನು, ಅಂದರೆ ತಮ್ಮದೇ ಕುಲದವರನ್ನು.

ಅಕ್ಕನ ಊರಿಗೆ ಹೋದಾಗ ಮಾವನ ಹತ್ತಿರ ನದಿ ಒಣಗುವುದರ ಬಗ್ಗೆ ಕೇಳಿದೆ. ಅವರು ಅದನ್ನು ಪೈಪಿನಲ್ಲಿ ಅಳೆದು ಹೇಳಿದರು. ಮಳೆಗಾಲ ಮುಗಿದಾಗ ಪಂಪ್‌ಸೆಟ್ಟಿಗೆ ನಾಲ್ಕು ಪೈಪ್ ಸಾಕು. ನೀರು ಹಿಂದೆ ಸರಿದ ಹಾಗೆ ಒಂದೊಂದೇ ಜೋಡಿಸುತ್ತಾ ಹೋಗುತ್ತಾರೆ. ಆ ವರ್ಷ ಏಪ್ರಿಲ್‌ಗೆ ಹದಿನಾಲ್ಕು ಆಗಿತ್ತಂತೆ. ‘ಹದಿನೈದನೇದು ತಂದೆ. ಮುಟ್ಟಿಸಾಕ ನೀರೇ ಇರಲಿಲ್ಲ’ ಅಂದರು. ಸ್ವಲ್ಪ ತಡೆದು ತಾವೇ ಸೇರಿಸಿದರು: ‘ಕಬ್ಬು ಹಚ್ಚಿ ಎಳದವರೂ ನಾವೇ ಅದೀವಿ ಬಿಡು.’

ಆ ಕವಿತೆ ಬರೆದೆ, ಆದರೆ ಕೆಟ್ಟಿತು. ಪೈಪಿನ ಲೆಕ್ಕ, ಮರಳು, ಮೀನು, ದೇವಸ್ಥಾನದ ಮೆಟ್ಟಿಲು ಎಲ್ಲ ತುಂಬಿಸಿದ್ದೆ. ಉಪದೇಶ ಇರಲಿಲ್ಲ, ನಿಜ. ಆದರೆ ಸರ್ವೆ ರಿಪೋರ್ಟ್ ಹಾಗಿತ್ತು. ವಿವರ ಇದ್ದರೆ ಸಾಕು ಅಂದುಕೊಂಡದ್ದು ನನ್ನ ಎರಡನೇ ತಪ್ಪು. ಬೇಕಾದದ್ದು ಹದಿನೈದನೇ ಪೈಪ್ ಒಂದೇ. ಅದನ್ನು ಹೊತ್ತು ತಂದು ದಂಡೆಯ ಮೇಲೆ ನಿಂತ ಮನುಷ್ಯ ಕಂಡರೆ ನದಿ ಒಣಗಿದ್ದು ಬೇರೆ ಹೇಳಬೇಕಿಲ್ಲ. ಅದನ್ನು ಇನ್ನೂ ತಿದ್ದುತ್ತಿದ್ದೇನೆ.

ಬೇವಿನ ಗಿಡದ ಕವಿತೆ ಮಾತ್ರ ಮುಗಿಯಿತು. ಹದಿನಾರು ಸಾಲಿದ್ದದ್ದು ಒಂಬತ್ತಾಯಿತು:

ಬದುವಿನ ಬೇವಿನ ಗಿಡ
ಎರಡು ದಿನ ಕಡಿದರು.
ಒಂದು ಟ್ರಾಲಿ ಕಾಂಡ, ಒಂದು ಟ್ರಾಲಿ ಟೊಂಗೆ.
ಎಲೆ ಆಡು ತಿಂದವು.
ಅಪ್ಪ ರೊಕ್ಕ ಚುಂಗಿಗೆ ಕಟ್ಟಿ
ಟ್ರಾಲಿಯ ನೆರಳಿಗೆ ಕೂತು ಬುತ್ತಿ ಉಂಡ.
ರಸೀದಿ ನನ್ನ ಹತ್ತಿರ ಇದೆ,
ಮೂರನೇ ವರ್ಷದ ಫೀಸು,
ಬಾಕಿ ಇಲ್ಲ.

ದೊಡ್ಡ ಕವಿತೆ ಅಂತ ನಾನು ಹೇಳುವುದಿಲ್ಲ. ಆದರೆ ಸುಳ್ಳಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಕೂತು ಓದಿದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ಅಪ್ಪ ಚಪ್ಪಾಳೆ ಹೊಡೆಯಲಿಲ್ಲ, ಚಂದ ಅಂತಲೂ ಅನ್ನಲಿಲ್ಲ.

‘ಬೊಡ್ಡಿ ಚಿಗತದ, ನೋಡಿದಿಲ್ಲ?’ ಅಂದ. ‘ಕಡದು ತಗೀಬೇಕಂತ ಮಾಡಿದ್ದೆ. ನೇಗಿಲಿಗೆ ಅಡ್ಡ ಬರ್ತದ. ಇರಲಿ ಬಿಡು.’

ಅದನ್ನೂ ಕವಿತೆಗೆ ಸೇರಿಸಬೇಕೆಂದು ಫೋನ್ ತೆಗೆದೆ. ಆಮೇಲೆ ಸುಮ್ಮನೆ ಒಳಗಿಟ್ಟೆ. ಹತ್ತನೇ ಸಾಲು ಬೇಕಿರಲಿಲ್ಲ.